ಗೇರು ಗುಡ್ಡೆಯ ಇಂಗಾಲ ಅಡಿಕೆ ತೋಟಕ್ಕಿಂತ ಜಾಸ್ತಿ ಬಂದರೆ: ತಪ್ಪು ಹುಡುಕುವ ದಾರಿ

ಹೋದ ಬೇಸಗೆಯಲ್ಲಿ ಅಕ್ಕನ ಮಗ ಒಂದು ಹಾಳೆ ಹಿಡಿದು ಮನೆಗೆ ಬಂದ. ಕಾಲೇಜಿನ ಪ್ರಾಜೆಕ್ಟ್‌ಗೆ ಪೆರ್ಲದ ಹತ್ತಿರ ನಮ್ಮದೇ ಜಾಗದಲ್ಲಿ ಮಣ್ಣು ತೆಗೆದಿದ್ದ. ಗುಡ್ಡೆಯ ಮೇಲಿನ ಗೇರು, ಕೆಳಗಿನ ಅಡಿಕೆ ತೋಟ, ಗುಡ್ಡೆಯ ಬದಿಯ ಕುರುಚಲು ಕಾಡು, ಹೀಗೆ ಮೂರು ಕಡೆಯ ಮಣ್ಣು. ಮೇಲಿನ 30 ಸೆಂಟಿಮೀಟರಿನಲ್ಲಿ ಹೆಕ್ಟೇರಿಗೆ ಎಷ್ಟು ಟನ್ ಸಾವಯವ ಇಂಗಾಲ ಉಂಟು ಎಂದು ಲೆಕ್ಕ ಹಾಕಿದ್ದ. ಗೇರು ಗುಡ್ಡೆಗೆ 88.7 ಟನ್, ಅಡಿಕೆ ತೋಟಕ್ಕೆ 66.1 ಟನ್.

"ಮಾವ, ಗೇರು ಹಾಕಿದರೆ ಮಣ್ಣಿಗೆ ಒಳ್ಳೆಯದು ಅಂತ ಬರೆಯಬಹುದಲ್ವಾ?" ಎಂದ.

ನನಗೆ ನಂಬಿಕೆ ಬರಲಿಲ್ಲ. ಆ ಗುಡ್ಡೆಗೆ ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತದೆ. ತೋಟಕ್ಕೆ ನಾವು ವರ್ಷ ವರ್ಷ ಹಟ್ಟಿಗೊಬ್ಬರ, ಸೊಪ್ಪು ಹೊತ್ತು ಹಾಕುತ್ತೇವೆ. ಹಾಗೆಂದು ನಂಬಿಕೆ ಬರಲಿಲ್ಲ ಎಂಬುದೊಂದೇ ಕಾರಣಕ್ಕೆ ಲೆಕ್ಕವನ್ನು ತಪ್ಪು ಎನ್ನುವ ಹಾಗಿಲ್ಲ. ಆದ್ದರಿಂದ ಕೂತು ಒಂದೊಂದೇ ನೋಡಿದೆವು. ನಮ್ಮ ಕಡೆಯ ಮುರಕಲ್ಲಿನ ಮಣ್ಣಿನಲ್ಲಿ ಈ ಲೆಕ್ಕ ಹಾಕುವವರಿಗೆಲ್ಲ ಇದೇ ಎಡವಟ್ಟು ಆಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಹುಡುಕಿದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಯಾವ ತಪ್ಪು ಸ್ಥಾನ ಬದಲಿಸುತ್ತದೆ, ಯಾವುದು ಬದಲಿಸುವುದಿಲ್ಲ

ಲೆಕ್ಕ ಸುಲಭದ್ದು. ಮಣ್ಣಿನಲ್ಲಿ ಶೇಕಡ ಎಷ್ಟು ಇಂಗಾಲ ಎಂಬುದನ್ನು ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಗ್ರಾಂ ಮಣ್ಣು ಎಂಬುದರಿಂದ ಗುಣಿಸಬೇಕು. ಬಂದದ್ದನ್ನು ಸೆಂಟಿಮೀಟರಿನಲ್ಲಿ ಅಳೆದ ಆಳದಿಂದ ಗುಣಿಸಬೇಕು. ಉತ್ತರ ನೇರವಾಗಿ ಹೆಕ್ಟೇರಿಗೆ ಟನ್ ಲೆಕ್ಕದಲ್ಲಿ ಬರುತ್ತದೆ. ಸೊನ್ನೆಗಳೆಲ್ಲ ಒಂದಕ್ಕೊಂದು ಹೊಡೆದುಹೋಗುವುದರಿಂದ ಬೇರೆ ಯಾವ ಗುಣಕವೂ ಬೇಡ. ಎಕ್ಸೆಲ್‌ನಲ್ಲಿ ಇಂಗಾಲದ ಅಂಕಣವನ್ನು ಶೇಕಡಾ ರೂಪಕ್ಕೆ ಬದಲಿಸಿ ಆಮೇಲೆ ಅಂಕಿ ತುಂಬಿದ್ದರೆ ಮಾತ್ರ ಉತ್ತರ ನೂರು ಪಟ್ಟು ಸಣ್ಣದಾಗಿ ಬರುತ್ತದೆ. ಅದು ಕಣ್ಣಿಗೆ ಬೀಳುವ ತಪ್ಪು. ಹೆಕ್ಟೇರಿಗೆ ಅರ್ಧ ಟನ್ ಎಂದು ಬಂದರೆ ಯಾರಿಗಾದರೂ ಗೊತ್ತಾಗುತ್ತದೆ.

ನಾನು ಮೊದಲು ನೋಡಿದ್ದು ಲ್ಯಾಬ್ ಕೊಟ್ಟ ಚೀಟಿ. ಕೆಲವು ಲ್ಯಾಬ್‌ಗಳು ಸಾವಯವ ಇಂಗಾಲ ಕೊಡುತ್ತವೆ, ಕೆಲವು ಸಾವಯವ ಪದಾರ್ಥ ಕೊಡುತ್ತವೆ. ಪದಾರ್ಥದ ಅಂಕಿಯನ್ನು 1.724ರಿಂದ ಭಾಗಿಸಿದರೆ ಇಂಗಾಲ ಸಿಗುತ್ತದೆ. ಪದಾರ್ಥವನ್ನೇ ಇಂಗಾಲ ಎಂದು ತಿಳಿದರೆ ಲೆಕ್ಕ ಮುಕ್ಕಾಲು ಪಾಲಿನಷ್ಟು ಉಬ್ಬುತ್ತದೆ. ಇನ್ನೊಂದು ಸಂಗತಿ, ನಮ್ಮಲ್ಲಿ ಬಳಕೆಯಲ್ಲಿರುವ ವಾಕ್ಲಿ ಬ್ಲ್ಯಾಕ್ ವಿಧಾನದಲ್ಲಿ ಡೈಕ್ರೋಮೇಟ್ ಎಲ್ಲ ಇಂಗಾಲವನ್ನೂ ಸುಡುವುದಿಲ್ಲ. ಸರಾಸರಿ ಶೇ. 77ರಷ್ಟನ್ನು ಮಾತ್ರ ಹಿಡಿಯುತ್ತದೆ ಎಂದಿಟ್ಟುಕೊಂಡು 1.3ರಿಂದ ಗುಣಿಸುವ ರೂಢಿ ಉಂಟು. ಲ್ಯಾಬ್ ಅದನ್ನು ಗುಣಿಸಿ ಕೊಟ್ಟಿದೆಯೋ ಇಲ್ಲವೋ ಎಂದು ಫೋನ್ ಮಾಡಿಯೇ ಕೇಳಬೇಕು. ನಮ್ಮದರಲ್ಲಿ ಗುಣಿಸಿ ಕೊಟ್ಟಿದ್ದರು. ಅಂಕಿಯೂ ಇಂಗಾಲದ್ದೇ ಆಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಈ ತಪ್ಪುಗಳು ಆಗಿದ್ದರೂ ತೋಟ ಮತ್ತು ಗುಡ್ಡೆ ಎರಡರ ಅಂಕಿಯೂ ಒಂದೇ ಪಟ್ಟು ಏರುತ್ತದೆ ಅಥವಾ ಇಳಿಯುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಬದಲಾಗುವುದಿಲ್ಲ. ನಮ್ಮ ಅನುಮಾನ ಇದ್ದದ್ದು ಸ್ಥಾನದ ಬಗ್ಗೆ. ಹಾಗಾದರೆ ತಪ್ಪು ಇರಬೇಕಾದದ್ದು ಎರಡು ಜಾಗಗಳ ನಡುವೆ ಯಾವುದು ಬೇರೆಯೋ ಅದರಲ್ಲಿ. ಅಂದರೆ ತೇವದಲ್ಲಿ, ಕಲ್ಲಿನಲ್ಲಿ, ಮಣ್ಣು ತೆಗೆದ ಸ್ಥಳದಲ್ಲಿ ಅಥವಾ ಮಣ್ಣು ಕುಳಿತ ಬಗೆಯಲ್ಲಿ.

ತೇವವನ್ನು ಬೇಗನೇ ಬಿಟ್ಟೆವು. ಮಣ್ಣು ತೆಗೆದದ್ದು ಫೆಬ್ರವರಿಯಲ್ಲಿ. ತೋಟದಲ್ಲಿ ಸ್ಪ್ರಿಂಕ್ಲರ್ ಓಡುತ್ತಿತ್ತು, ಗುಡ್ಡೆ ಒಣಗಿ ಬಿರುಕು ಬಿಟ್ಟಿತ್ತು. ನೆಲಕ್ಕೆ ಹೊಡೆದು ಇಳಿಸಿ ಅಳತೆಯ ಮಣ್ಣು ತೆಗೆಯುವ ರಿಂಗಿನ ಮಣ್ಣನ್ನು ಒಣಗಿಸದೆ ತೂಗಿದ್ದರೆ ನೀರಿನ ಭಾರ ಸೇರಿ ತೋಟದ ಅಂಕಿ ಉಬ್ಬಬೇಕಿತ್ತು, ಗುಡ್ಡೆಯದ್ದಲ್ಲ. ಇಲ್ಲಿ ಆದದ್ದು ಉಲ್ಟಾ. ಕೇಳಿದರೆ ಹುಡುಗ ಕಾಲೇಜಿನ ಓವನ್‌ನಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಇಟ್ಟೇ ತೂಗಿದ್ದ.

ಕಳ್ಳ ಸಿಕ್ಕಿದ್ದು ಜರಡಿಯ ಮೇಲೆ

ಹುಡುಗನ ರಿಂಗ್ ಒಳಗಿನಿಂದ 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ 503 ಘನ ಸೆಂಟಿಮೀಟರ್ ಜಾಗ. ಗೇರು ಗುಡ್ಡೆಯ ಮೂರನೇ ಗುಂಡಿಯಲ್ಲಿ 10ರಿಂದ 20 ಸೆಂಟಿಮೀಟರ್ ಆಳದ ರಿಂಗಿನ ಒಣ ಮಣ್ಣು 812 ಗ್ರಾಂ ಇತ್ತು. 503ರಿಂದ ಭಾಗಿಸಿದರೆ 1.61. ಇದನ್ನೇ ಅವನು ಬಲ್ಕ್ ಡೆನ್ಸಿಟಿ, ಅಂದರೆ ಒಟ್ಟು ಸಾಂದ್ರತೆ, ಎಂದು ಬರೆದುಕೊಂಡಿದ್ದ.

ಮೇಲ್ಮಣ್ಣಿಗೆ 1.6 ಎಂಬ ಅಂಕಿ ನೋಡಿದಾಗಲೇ ಕಿವಿ ನೆಟ್ಟಗಾಗಬೇಕು. ಬೇರು ಇಳಿದ, ಎರೆಹುಳ ಓಡಾಡುವ ಮೇಲ್ಮಣ್ಣು ಸಾಮಾನ್ಯವಾಗಿ 1.0ರಿಂದ 1.4ರ ಒಳಗೆ ಇರುತ್ತದೆ. 1.6 ಎಂದರೆ ಒಂದೋ ಲಾರಿ ಓಡಿ ಗಟ್ಟಿಯಾದ ನೆಲ, ಇಲ್ಲವೇ ಒಳಗೆ ಕಲ್ಲು. ಗುಡ್ಡೆಗೆ ಲಾರಿ ಹೋಗುವುದಿಲ್ಲ.

ಆ ಮಣ್ಣಿನ ಕವರ್ ಇನ್ನೂ ಅವನ ಹತ್ತಿರವೇ ಇತ್ತು. ಅಂಗಳದಲ್ಲಿ ಗೋಣಿ ಹಾಸಿ, 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿದೆವು. ಅರ್ಧಕ್ಕೆ ಹತ್ತಿರ ಜರಡಿಯ ಮೇಲೇ ಉಳಿಯಿತು. ಬಟಾಣಿ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗಿನ ಕೆಂಪು ಹರಳು. ತೂಗಿದರೆ 385 ಗ್ರಾಂ. ಕೆಳಗೆ ಬಿದ್ದ ನಯಮಣ್ಣು 427 ಗ್ರಾಂ.

ಲ್ಯಾಬ್‌ನವರು ಇಂಗಾಲ ನೋಡುವುದು ಈ ಕೆಳಗೆ ಬಿದ್ದ ಮಣ್ಣಿನಲ್ಲಿ ಮಾತ್ರ. ಅವರು ಮೊದಲು ಮಾಡುವ ಕೆಲಸವೇ ಸೋಸಿ ಹರಳನ್ನು ಎಸೆಯುವುದು. ಎಷ್ಟು ಎಸೆದೆವು ಎಂದು ಚೀಟಿಯಲ್ಲಿ ಬರೆಯುವುದಿಲ್ಲ. ಗೊಬ್ಬರದ ಶಿಫಾರಸಿಗೆ ಅದು ಬೇಕಾಗಿಯೂ ಇಲ್ಲ. ಹೀಗಾಗಿ ಶೇ. 1.9 ಇಂಗಾಲ ಎಂಬ ಅವರ ಮಾತು ಆ 427 ಗ್ರಾಂಗೆ ಮಾತ್ರ ಸೇರಿದ್ದು. ಹುಡುಗ ಅದನ್ನು ಇಡೀ 812 ಗ್ರಾಂಗೆ ಹಚ್ಚಿದ್ದ. ಕಲ್ಲಿಗೂ ಇಂಗಾಲ ಹಂಚಿದ ಹಾಗಾಯಿತು.

ಶೀಟ್ ತೆರೆದು ನೋಡಿದರೆ ತಪ್ಪು ಒಂದೇ ಅಕ್ಷರದ್ದು. C ಅಂಕಣದಲ್ಲಿ ಇಂಗಾಲದ ಶೇಕಡಾ, D ಅಂಕಣದಲ್ಲಿ ಒಟ್ಟು ಒಣ ತೂಕ, F ಅಂಕಣದಲ್ಲಿ ರಿಂಗಿನ ಗಾತ್ರ, G ಅಂಕಣದಲ್ಲಿ ಆಳ. ನಯಮಣ್ಣಿನ ತೂಕಕ್ಕೆ ಇರಬೇಕಾದ E ಅಂಕಣ ಖಾಲಿ ಇತ್ತು.

```
ತಪ್ಪು:  =C2*(D2/F2)*G2
ಸರಿ:   =C2*(E2/F2)*G2
```

ತಪ್ಪು ಲೆಕ್ಕದಲ್ಲಿ ಈ ಒಂದು ಪದರಕ್ಕೆ 30.7 ಟನ್ ಬರುತ್ತದೆ. ಸರಿ ಲೆಕ್ಕದಲ್ಲಿ 427 ಭಾಗಿಸು 503, ಅಂದರೆ 0.85. ಅದರಿಂದ ಬರುವುದು 16.1 ಟನ್. ಹೆಚ್ಚುಕಡಿಮೆ ಅರ್ಧ.

ಹರಳಿನ ವಿಷಯ ಗೊತ್ತಿದ್ದವರೂ ಮುಗ್ಗರಿಸುವ ಜಾಗ ಇನ್ನೊಂದು ಉಂಟು. ಕೆಲವರು ಹರಳಿನ ಗಾತ್ರವನ್ನು ರಿಂಗಿನ ಗಾತ್ರದಿಂದ ಕಳೆದು, ಉಳಿದ ಜಾಗದಲ್ಲಿ ನಯಮಣ್ಣಿನ ಸಾಂದ್ರತೆ ಎಷ್ಟು ಎಂದು ನೋಡುತ್ತಾರೆ. ನಾವೂ ಮಾಡಿ ನೋಡಿದೆವು. ಹರಳನ್ನು ರಾತ್ರಿ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಅಳತೆ ಜಾಡಿಯ ನೀರಿಗೆ ಹಾಕಿದೆವು. ನೀರು 142 ಮಿಲಿ ಏರಿತು. 503ರಲ್ಲಿ 142 ಕಳೆದರೆ 361. 427 ಭಾಗಿಸು 361, ಅಂದರೆ 1.18. ಈ ಅಂಕಿ ತಪ್ಪಲ್ಲ. ಹರಳುಗಳ ನಡುವಿನ ಮಣ್ಣು ನಿಜಕ್ಕೂ ಅಷ್ಟು ಹಗುರ, ಬೇರಿಗೆ ಸಿಗುವುದು ಅದೇ. ಆದರೆ ಇದನ್ನೇ ಹೆಕ್ಟೇರಿನ ಲೆಕ್ಕಕ್ಕೆ ಹಾಕಿದರೆ 22.4 ಟನ್ ಬರುತ್ತದೆ. ಅದು ತಪ್ಪು. ಏಕೆಂದರೆ ಹೆಕ್ಟೇರಿನ ತುಂಬ ಬರೀ ನಯಮಣ್ಣೇ ಇದೆ ಎಂದು ಹೇಳಿದ ಹಾಗಾಗುತ್ತದೆ. ಹರಳು ಹಿಡಿದ ಜಾಗವನ್ನು ಮತ್ತೆ ಕಳೆಯಬೇಕು. ಕಳೆದರೆ ತಿರುಗಿ 0.85ಕ್ಕೇ ಬಂದು ನಿಲ್ಲುತ್ತೀರಿ.

ಒಟ್ಟು ಸಾಂದ್ರತೆ 1.61ನ್ನು ತೆಗೆದುಕೊಂಡು ಹರಳಿನ ಗಾತ್ರದ ಪಾಲನ್ನು ಕಳೆಯುವವರೂ ಇದ್ದಾರೆ. ಆಗ 22.0 ಬರುತ್ತದೆ. ಅದೂ ತಪ್ಪು. ಒಟ್ಟು ಸಾಂದ್ರತೆಯಿಂದ ಹೊರಟರೆ ಕಳೆಯಬೇಕಾದ್ದು ತೂಕದ ಪಾಲು. ನಯಮಣ್ಣಿನ ಸಾಂದ್ರತೆಯಿಂದ ಹೊರಟರೆ ಗಾತ್ರದ ಪಾಲು. ಅದಲುಬದಲಾದರೆ ಲೆಕ್ಕ ಕೆಡುತ್ತದೆ. ಸುಮ್ನೆ ಯಾಕೆ ತಲೆಬಿಸಿ? ಒಣಗಿದ ನಯಮಣ್ಣಿನ ತೂಕವನ್ನು ಇಡೀ ರಿಂಗಿನ ಗಾತ್ರದಿಂದ ಭಾಗಿಸಿ ಬಿಡಿ. ಹರಳಿನ ಗಾತ್ರ ಅಳೆಯುವ ಅಗತ್ಯವೇ ಬೀಳುವುದಿಲ್ಲ.

ಐದೈದು ಗುಂಡಿಗಳ ಸರಾಸರಿ ತೆಗೆದು ಮೂರು ಪದರಕ್ಕೂ ಹೀಗೆ ಮಾಡಿದ ಮೇಲೆ ಬಂದದ್ದು ಇದು. ಟನ್ ಎಲ್ಲ ಹೆಕ್ಟೇರಿಗೆ.

| ಜಾಗ, ಆಳ (ಸೆಂ.ಮೀ.) | ಇಂಗಾಲ (ಶೇ.) | ಒಟ್ಟು ಸಾಂದ್ರತೆ | ನಯಮಣ್ಣು ಮಾತ್ರ | ತಪ್ಪು ಟನ್ | ಸರಿ ಟನ್ |
|---|---|---|---|---|---|
| ಗೇರು 0–10 | 2.3 | 1.45 | 0.88 | 33.4 | 20.2 |
| ಗೇರು 10–20 | 1.9 | 1.60 | 0.845 | 30.4 | 16.1 |
| ಗೇರು 20–30 | 1.5 | 1.66 | 0.78 | 24.9 | 11.7 |
| ತೋಟ 0–10 | 2.4 | 1.12 | 1.06 | 26.9 | 25.4 |
| ತೋಟ 10–20 | 1.8 | 1.24 | 1.18 | 22.3 | 21.2 |
| ತೋಟ 20–30 | 1.3 | 1.30 | 1.22 | 16.9 | 15.9 |

ಕೂಡಿಸಿದರೆ ಗೇರು ಗುಡ್ಡೆ 88.7ರಿಂದ 48.0ಕ್ಕೆ ಇಳಿಯಿತು. ತೋಟ 66.1ರಿಂದ 62.5ಕ್ಕೆ. ತೋಟದಲ್ಲಿ ಹರಳು ಕಡಿಮೆ, ಅದಕ್ಕೇ ಅಲ್ಲಿ ತಪ್ಪೂ ಕಡಿಮೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹರಳು ಯಾವುದು, ಹೆಂಟೆ ಯಾವುದು

ಜರಡಿ ಹಿಡಿಯುವ ಕೆಲಸ ಕೇಳಿದಷ್ಟು ಸರಳ ಅಲ್ಲ. ಮುರಕಲ್ಲು ಒಳಗೆ ಇರುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಅದಕ್ಕೇ ತಾನೆ ಕೋರೆಯಲ್ಲಿ ಕೊಯ್ದು ತೆಗೆದು ಮನೆ ಕಟ್ಟುವುದು. ಹಾಗಾಗಿ ಗುಡ್ಡೆಯ ಮಣ್ಣಿನಲ್ಲಿ ಪೂರಾ ಗಟ್ಟಿ ಹರಳು, ಅರ್ಧ ಗಟ್ಟಿ ಹರಳು, ಒಣಗಿ ಹರಳಿನಂತೆ ಕಾಣುವ ಮಣ್ಣಿನ ಹೆಂಟೆ, ಮೂರೂ ಬೆರೆತಿರುತ್ತವೆ. ಹೆಂಟೆಯನ್ನು ಒಡೆಯಬೇಕು, ಅದು ನಯಮಣ್ಣು. ಹರಳನ್ನು ಒಡೆಯಬಾರದು.

ಹುಡುಗ ಮೊದಲ ಎರಡು ಗುಂಡಿಯ ಮಣ್ಣನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿದ್ದನಂತೆ. ಬೇಗ ಪುಡಿಯಾಯಿತು ಎಂದು ಖುಷಿಪಟ್ಟಿದ್ದ. ಪುಡಿಯಾದದ್ದು ಹರಳು. ಹೀಗೆ ಮಾಡಿದರೆ ಇಂಗಾಲ ಇಲ್ಲದ ಕಲ್ಲಿನ ಪುಡಿ ನಯಮಣ್ಣಿಗೆ ಸೇರುತ್ತದೆ. ಶೇಕಡಾ ಇಳಿಯುತ್ತದೆ, ತೂಕ ಏರುತ್ತದೆ. ಒಂದೇ ಪುಡಿಯಿಂದ ಎರಡನ್ನೂ ಅಳೆದರೆ ಗುಣಿಸುವಾಗ ಒಂದಕ್ಕೊಂದು ಸರಿಹೋಗುತ್ತದೆ. ಆದರೆ ಶೇಕಡಾ ಲ್ಯಾಬ್‌ನ ಸೋಸಿದ ಮಣ್ಣಿನಿಂದ ಬಂದು, ತೂಕ ನಿಮ್ಮ ಕುಟ್ಟಿದ ಮಣ್ಣಿನಿಂದ ಬಂದರೆ ಲೆಕ್ಕ ಉಬ್ಬುತ್ತದೆ.

ಕಂಡುಹಿಡಿಯುವುದು ಬಣ್ಣದಿಂದ. ಸರಿಯಾಗಿ ಸೋಸಿದ ಮೇಲ್ಮಣ್ಣು ಕಂದು. ಕುಟ್ಟಿದ ಹರಳು ಸೇರಿದರೆ ಇಟ್ಟಿಗೆ ಪುಡಿಯ ಕೆಂಪು ಬರುತ್ತದೆ. ಅವನ ಮೊದಲ ಎರಡು ಕವರ್ ಉಳಿದ ಮೂರರ ಪಕ್ಕ ಇಟ್ಟಾಗ ದೂರದಿಂದಲೇ ಗೊತ್ತಾಗುತ್ತಿತ್ತು. ಆ ಎರಡು ಗುಂಡಿಯ ಮಣ್ಣನ್ನು ಪಕ್ಕದಲ್ಲೇ ಮತ್ತೆ ತೆಗೆಯಬೇಕಾಯಿತು. ಪಟ್ಟಿಯ ನಯಮಣ್ಣಿನ ಅಂಕಿಗಳೆಲ್ಲ ಅದರ ನಂತರದವು.

ಈಗ ನಾವು ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟುತ್ತೇವೆ, ಅಷ್ಟೇ. ಅನುಮಾನ ಇದ್ದರೆ ಜರಡಿಯ ಮೇಲೆ ಉಳಿದದ್ದನ್ನು ಬಕೆಟ್ ನೀರಿಗೆ ಹಾಕಿ ರಾತ್ರಿ ಬಿಡುತ್ತೇವೆ. ಹೆಂಟೆ ಬೆಳಿಗ್ಗೆಗೆ ಕರಗಿ ಕೆಸರಾಗಿರುತ್ತದೆ. ಹರಳು ಹಾಗೇ ಇರುತ್ತದೆ. ಅದನ್ನು ತೊಳೆದು, ಒಣಗಿಸಿ, ತೂಗಿ, ಒಟ್ಟು ಒಣ ತೂಕದಿಂದ ಕಳೆದರೆ ನಯಮಣ್ಣಿನ ತೂಕ ಸಿಗುತ್ತದೆ. ಹರಳಿಗೆ ಅಂಟಿದ ಜೇಡಿಯೂ ಈ ತೊಳೆಯುವುದರಲ್ಲಿ ಬಿಟ್ಟುಹೋಗುತ್ತದೆ. ನೆನೆಸಿದ ಮಣ್ಣನ್ನು ಮಾತ್ರ ಇಂಗಾಲದ ಪರೀಕ್ಷೆಗೆ ಕಳಿಸಬೇಡಿ. ಅದಕ್ಕೆ ನೆರಳಲ್ಲಿ ಒಣಗಿಸಿ ಸೋಸಿದ ಬೇರೆ ಪಾಲು ಇಟ್ಟುಕೊಳ್ಳಬೇಕು.

ರಿಂಗ್ ಇಳಿಯುವ ಕಡೆ ಮಾತ್ರ ರಿಂಗ್ ಹಾಕಿದ್ದು

"ಎಷ್ಟು ಸಲ ಹೊಡೆದೆ?" ಎಂದು ಕೇಳಿದೆ. ಒಂದು ಗುಂಡಿಯಲ್ಲಿ ಮೂರು ನಾಲ್ಕು ಸಲ ಹೊಡೆದ ಮೇಲೆ ಎಲ್ಲೋ ಒಂದು ಕಡೆ ರಿಂಗ್ ಇಳಿಯುತ್ತಿತ್ತಂತೆ. ಕಲ್ಲು ಸಿಕ್ಕಿದರೆ ಪಕ್ಕಕ್ಕೆ ಸರಿಯುತ್ತಿದ್ದ. ಇದು ಎಲ್ಲರೂ ಮಾಡುವುದೇ. ಆದರೆ ಅರ್ಥ ಏನೆಂದರೆ, ಗುಡ್ಡೆಯಲ್ಲಿ ಹರಳು ಕಡಿಮೆ ಇರುವ ಜಾಗವನ್ನೇ ಹುಡುಕಿ ಅಳೆದ ಹಾಗೆ. ಹರಳಿನ ಪಾಲು ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಇಂಗಾಲ ಜಾಸ್ತಿ ಕಾಣುತ್ತದೆ.

ಎಷ್ಟು ವ್ಯತ್ಯಾಸ ಎಂದು ನೋಡಲು ಅದೇ ಮೂರನೇ ಗುಂಡಿಯ ಬದಿಯಲ್ಲಿ ಹಳೆಯ ವಿಧಾನ ಮಾಡಿದೆವು. ಮೇಲಿನ 10 ಸೆಂಟಿಮೀಟರ್ ತೆಗೆದು ಸಮತಟ್ಟು ಮಾಡಿ, ಅಲ್ಲಿಂದ ಮತ್ತೆ 10 ಸೆಂಟಿಮೀಟರ್ ಆಳಕ್ಕೆ ಒಂದು ಗೇಣಿನಷ್ಟು ಅಗಲದ ಚೌಕ ಗುಂಡಿ ತೋಡಿದೆವು. ಬಂದ ಮಣ್ಣು, ಕಲ್ಲು ಒಂದು ಚೂರೂ ಬಿಡದೆ ಗೋಣಿಗೆ ಹಾಕಿದೆವು. ಗುಂಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಲೆ ಮೂಲೆಗೂ ಒತ್ತಿ, ಅಂಚಿನ ಮಟ್ಟಕ್ಕೆ ಬರುವವರೆಗೆ ಅಳತೆ ಮಾಡಿ ನೀರು ಹೊಯ್ದೆವು. 4.1 ಲೀಟರ್ ಹಿಡಿಯಿತು. ಒಣ ತೂಕ 6.7 ಕಿಲೋ, ಅದರಲ್ಲಿ ಹರಳು 3.4. ನಯಮಣ್ಣು 3.3 ಕಿಲೋ ಭಾಗಿಸು 4.1, ಸುಮಾರು 0.80. ರಿಂಗ್ ಹೇಳಿದ್ದು 0.85.

ಅಂದರೆ ರಿಂಗ್ ಶೇ. 5ರಷ್ಟು ಜಾಸ್ತಿ ತೋರಿಸಿತ್ತು. ಇಷ್ಟಕ್ಕೆ ನಾನು ಎಲ್ಲವನ್ನೂ ಮತ್ತೆ ಮಾಡಿಸಲಿಲ್ಲ. ಹರಳು ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇರುವ ಕಡೆ ಮುಂದಿನ ಸಲ ರಿಂಗ್ ಬಿಟ್ಟು ನೀರಿನ ಗುಂಡಿಯನ್ನೇ ಮಾಡುತ್ತೇನೆ ಎಂಬುದು ನನ್ನ ತೀರ್ಮಾನ. ಹೊತ್ತು ಜಾಸ್ತಿ ಹಿಡಿಯುತ್ತದೆ, ನೀರು ಗುಡ್ಡೆಗೆ ಹೊರಬೇಕು. ಬೇರೆ ದಾರಿ ಇಲ್ಲ.

ತೋಟದಲ್ಲಿ ಮಣ್ಣು ತೆಗೆಯುವ ಸ್ಥಳದ ತೊಂದರೆ ಬೇರೆ. ಗೊಬ್ಬರದ ಪರೀಕ್ಷೆಗೆ ಮರದ ಬುಡದಿಂದ ಮಣ್ಣು ತೆಗೆದು ಅಭ್ಯಾಸ. ಗೊಬ್ಬರ ಬೀಳುವುದೂ ಅಲ್ಲೇ, ಇಂಗಾಲ ಜಾಸ್ತಿ ಇರುವುದೂ ಅಲ್ಲೇ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಒಂದು ಮರಕ್ಕೆ 7.3 ಚದರ ಮೀಟರ್ ಜಾಗ. ಬುಡದಿಂದ ಸುತ್ತಲೂ ಮುಕ್ಕಾಲು ಮೀಟರ್ ದೂರದವರೆಗಿನ ಪಾತಿ ಅದರಲ್ಲಿ ಕಾಲು ಪಾಲೂ ಅಲ್ಲ. ಬುಡದ ಮಣ್ಣನ್ನೇ ಇಡೀ ತೋಟಕ್ಕೆ ಹಚ್ಚಿದರೆ ಅದೂ ಸುಳ್ಳೇ. ಹುಡುಗ ಬುಡದ್ದು ಮತ್ತು ಸಾಲಿನ ನಡುವಿನದ್ದು ಬೇರೆ ಬೇರೆ ತೆಗೆದು ಜಾಗದ ಪಾಲಿನ ಪ್ರಕಾರ ಸೇರಿಸಿದ್ದ. ಅಷ್ಟರ ಮಟ್ಟಿಗೆ ಜಾಣ.

ಹಾಗಾದರೆ ಅಡಿಕೆ ಗೆದ್ದಿತೇ?

ಈಗ ತೋಟ 62.5, ಗೇರು 48.0. "ಸರಿ, ಅಡಿಕೆ ಒಳ್ಳೆಯದು ಅಂತ ಬರೆಯುತ್ತೇನೆ" ಎಂದ. ಅದೂ ಆಗುವುದಿಲ್ಲ ಎಂದೆ.

ಪಟ್ಟಿಯಲ್ಲಿ ಶೇಕಡಾ ನೋಡಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಕೆಳಗಿನ ಎರಡು ಪದರದಲ್ಲಿ ಗೇರಿನದ್ದೇ ಒಂದು ಕೂದಲು ಮೇಲೆ. ಟನ್ನಿನಲ್ಲಿ ತೋಟ ಮುಂದೆ ಹೋದದ್ದು ಅಲ್ಲಿ ಕಲ್ಲು ಇಲ್ಲದೆ ಮಣ್ಣು ಜಾಸ್ತಿ ಇರುವುದರಿಂದ. ಕಲ್ಲು ಗೇರು ತಂದದ್ದಲ್ಲ, ಗುಡ್ಡೆಯದ್ದು. ತೋಟ ಇರುವುದು ನೂರಾರು ವರ್ಷ ಗುಡ್ಡೆಯಿಂದ ತೊಳೆದು ಬಂದ ಮಣ್ಣು ನಿಂತ ತಗ್ಗಿನಲ್ಲಿ. ಸಾಲದ್ದಕ್ಕೆ ನಾವೇ ಗುಡ್ಡೆಯ ಸೊಪ್ಪು, ದರಗು ಹೊತ್ತು ತೋಟಕ್ಕೆ ಹಾಕಿದ್ದೇವೆ. ಗುಡ್ಡೆಯ ಇಂಗಾಲವನ್ನೇ ಕೆಳಗೆ ಇಳಿಸಿ, ನೋಡಿ ತೋಟದಲ್ಲಿ ಜಾಸ್ತಿ ಉಂಟು ಎಂದರೆ ಹೇಗೆ? ಜಮೀನಿನಲ್ಲಿ ಎಲ್ಲೆಲ್ಲಿ ಎಷ್ಟು ಇಂಗಾಲ ಉಂಟು ಎಂಬ ಪ್ರಶ್ನೆಗೆ 62.5 ಮತ್ತು 48.0 ಸರಿಯಾದ ಉತ್ತರ. ಬೆಳೆ ಏನು ಮಾಡಿತು ಎಂಬ ಪ್ರಶ್ನೆಗೆ ಅಲ್ಲ.

ಅದಕ್ಕೆ ಅದೇ ಗುಡ್ಡೆ, ಅದೇ ಇಳಿಜಾರು, ಅದೇ ಹರಳಿನ ಜಾಗ ಬೇಕು. ಪಕ್ಕದಲ್ಲಿ ನಾಗಬನ ಇದೆ, ಒಳ್ಳೆ ಕಾಡು. ಅಲ್ಲಿ ಹಾರೆ ಹಾಕುವ ಮಾತೇ ಇಲ್ಲ. ಆದ್ದರಿಂದ ಹುಡುಗ ಅದರಾಚೆಯ ಕುರುಚಲು ಕಾಡಿನಲ್ಲಿ ಮಣ್ಣು ತೆಗೆದಿದ್ದ. ನಯಮಣ್ಣಿನ ಲೆಕ್ಕದಲ್ಲಿ ಅಲ್ಲಿ 53.0 ಟನ್ ಬಂತು. ಗೇರಿಗಿಂತ 5 ಟನ್ ಜಾಸ್ತಿ.

ಇಲ್ಲಿ ಕೊನೆಯ ತಪ್ಪು ಅಡಗಿತ್ತು. ಗೇರು ಗುಡ್ಡೆಯಲ್ಲಿ ಪ್ರತಿ ವರ್ಷ ಬುಡ ಕೆರೆದು, ಬೀಜ ಹೆಕ್ಕಲು ತಿಂಗಳುಗಟ್ಟಲೆ ಓಡಾಡಿ ಮೇಲ್ಮಣ್ಣು ಕುಳಿತಿದೆ. ಕುರುಚಲು ಕಾಡಿನ ಮಣ್ಣು ಸಡಿಲ. 30 ಸೆಂಟಿಮೀಟರಿನಲ್ಲಿ ಗೇರಿನ ಕಡೆ ಹೆಕ್ಟೇರಿಗೆ 2505 ಟನ್ ನಯಮಣ್ಣು ಸಿಕ್ಕಿತು, ಕಾಡಿನಲ್ಲಿ 2320 ಟನ್. ಒಂದೇ ಆಳ ಅಳೆದರೂ ಗೇರಿನ ಕಡೆ 185 ಟನ್ ಮಣ್ಣು ಜಾಸ್ತಿ ತೂಗಿದ್ದೇವೆ. ಮಣ್ಣು ಕುಗ್ಗಿದ್ದರಿಂದ ಕೆಳಗಿನ ಪದರ ಮೇಲೆ ಬಂದು 30ರ ಒಳಗೆ ಸೇರಿಕೊಂಡಿದೆ. ಸೇರು ಅಲ್ಲಾಡಿಸಿ ತುಂಬಿದ ಅಕ್ಕಿಯನ್ನು ಸಡಿಲ ತುಂಬಿದ ಸೇರಿಗೆ ಹೋಲಿಸಿದ ಹಾಗೆ.

ಸರಿಪಡಿಸಲು ಎರಡೂ ಕಡೆ ಒಂದೇ ತೂಕದ ಮಣ್ಣಿಗೆ ಲೆಕ್ಕ ಹಾಕಬೇಕು. ಗೇರಿನ ಕಡೆಯ ಕೆಳಪದರದಿಂದ ಆ 185 ಟನ್ ತೆಗೆಯಿರಿ. ಅದರಲ್ಲಿ ಶೇ. 1.5 ಇಂಗಾಲ, ಅಂದರೆ 2.8 ಟನ್. 48.0ರಲ್ಲಿ ಕಳೆದರೆ 45.2. ಈಗ ಕಾಡಿಗೂ ಗೇರಿಗೂ ವ್ಯತ್ಯಾಸ 5.0 ಅಲ್ಲ, 7.8. ಕುಳಿತ ಮಣ್ಣು ವ್ಯತ್ಯಾಸದ ಮೂರನೇ ಒಂದು ಪಾಲನ್ನು ಮುಚ್ಚಿಟ್ಟಿತ್ತು. ಇದೇ ಲೆಕ್ಕವನ್ನು ತೋಟಕ್ಕೂ ಗೇರಿಗೂ ಹಾಕಿದರೆ 50.1 ಮತ್ತು 48.0 ಬರುತ್ತದೆ. ಎರಡೂ ಸಮ ಎಂದು ಅದರಿಂದ ತೀರ್ಮಾನಿಸಬೇಡಿ. ಈ ವಿಧಾನ ಇರುವುದು ಒಂದೇ ಬಗೆಯ ಮಣ್ಣು ಕುಗ್ಗಿದ್ದಕ್ಕೆ ಅಥವಾ ಸಡಿಲಾದದ್ದಕ್ಕೆ. ಕಲ್ಲಿನ ಗುಡ್ಡೆಗೂ ತಗ್ಗಿನ ಮಣ್ಣಿಗೂ ಅಲ್ಲ. ಟನ್ನಿನ ವ್ಯತ್ಯಾಸ ಮುಖ್ಯವಾಗಿ ಕಲ್ಲಿನಿಂದ ಬಂದದ್ದು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

7.8 ಎಂದು ಬರೆಯಲು ಹುಡುಗ ಪೆನ್ನು ತೆಗೆದ. ಗೇರಿನ ಐದು ಗುಂಡಿಯ ಅಂಕಿಗಳನ್ನು ಬೇರೆ ಬೇರೆ ಓದು ಎಂದೆ. 39, 44, 47, 51, 59. ಸರಾಸರಿ 48 ನಿಜ, ಆದರೆ ಗುಂಡಿಯಿಂದ ಗುಂಡಿಗೆ 20 ಟನ್ ಅಂತರ. ಐದೂ ಮಣ್ಣನ್ನು ಬೆರೆಸಿ ಒಂದೇ ಕವರ್ ಕಳಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಈ ಅಂಕಿಗಳ ಚದುರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 7.5, ಐದರ ಸರಾಸರಿಗೆ ಅದು 3.4ರಷ್ಟು ಅನಿಶ್ಚಿತ. ಕಾಡಿನಲ್ಲೂ ಅಷ್ಟೇ ಎಂದಿಟ್ಟುಕೊಂಡರೆ ವ್ಯತ್ಯಾಸದ ಅನಿಶ್ಚಿತತೆ 4.8. ಅದರ ಎರಡು ಪಟ್ಟು 9.6. ನಮ್ಮ 7.8 ಅದರೊಳಗೇ ಬಿತ್ತು. ಅಂದರೆ ಈ ವ್ಯತ್ಯಾಸ ನಿಜವೋ ಬರೀ ಗುಂಡಿಗಳ ಏರಿಳಿತವೋ ಎಂದು ಖಚಿತವಾಗಿ ಹೇಳುವ ಹಾಗಿಲ್ಲ. ಒಂದೊಂದು ಕಡೆ ಹತ್ತು ಗುಂಡಿ ಇದ್ದು ಚದುರು ಹೀಗೇ ಉಳಿದರೆ ಆ 9.6 ಇಳಿದು 6.8 ಆಗುತ್ತದೆ. ಆಗ 7.8 ಅದನ್ನು ದಾಟುತ್ತದೆ.

"ಅಂದರೆ ಇನ್ನೂ ಐದೈದು ಗುಂಡಿ ತೋಡಬೇಕಾ ಮಾವ?"

"ಮಳೆ ಬೀಳುವ ಮೊದಲು. ನೀರು ಹೊರಲು ಎರಡು ಕ್ಯಾನ್ ತೆಗೆದುಕೋ."